ಓದಬಲ್ಲರು, ಬರೆಯಲಾರರು: ಯುರೋಪಿನ ಮತಸುಧಾರಣೆಯೂ ನಮ್ಮ ಬಳ್ಳಾರಿ ಸೀಮೆಯ ಅಕ್ಷರವೂ

‘ಮತಸುಧಾರಣೆಯ ಪರಿಣಾಮಗಳನ್ನು ಬರೆಯಿರಿ’ ಎಂಬ ಪ್ರಶ್ನೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು. ಉತ್ತರದ ನಾಲ್ಕನೆಯದೋ ಐದನೆಯದೋ ಅಂಶವಾಗಿ ‘ಶಿಕ್ಷಣ ಪ್ರಸಾರವಾಯಿತು’ ಎಂದು ಬರೆದರೆ ಒಂದು ಅಂಕ ಸಿಗುತ್ತಿತ್ತು. ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನೂ ಆ ಎರಡು ಪದಗಳನ್ನು ಕಪ್ಪು ಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಆದರೆ ಅದು ಹೇಗೆ ಪ್ರಸಾರವಾಯಿತು? ಯಾರು ಯಾರಿಗೆ ಕಲಿಸಿದರು? ಕಲಿತವರು ಏನನ್ನು ಕಲಿತರು, ಏನನ್ನು ಕಲಿಯಲಿಲ್ಲ? ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಸಿಕ್ಕಿರುವ ಪುಟಗಳನ್ನು ಅದಕ್ಕೆ ಬಳಸಿಕೊಳ್ಳುತ್ತೇನೆ. ಕೊನೆಗೆ ಹೊಸಪೇಟೆ, ಕಂಪ್ಲಿಗಳನ್ನು ಒಳಗೊಂಡಿದ್ದ ನಮ್ಮ ಹಳೆಯ ಬಳ್ಳಾರಿ ಜಿಲ್ಲೆಗೆ ಬಂದು, ಅದೇ ಕಾಲದ ಇಲ್ಲಿನ ಶಾಲೆಗಳ ಜೊತೆ ಹೋಲಿಸಿ ನೋಡೋಣ.

ಪುಸ್ತಕ ಬಂದರೆ ಸಾಲದು

ಮತಸುಧಾರಣೆ 1517ರಲ್ಲಿ ಜರ್ಮನಿಯ ವಿಟೆನ್‌ಬರ್ಗ್ ಎಂಬ ಊರಿನಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಪಶ್ಚಿಮ ಯುರೋಪಿನ ಚರ್ಚುಗಳಲ್ಲಿ ಬೈಬಲ್ ಇದ್ದದ್ದು ಲ್ಯಾಟಿನ್ ಭಾಷೆಯಲ್ಲಿ. ಪಾದ್ರಿ ಓದುತ್ತಿದ್ದ, ಜನ ಕೇಳುತ್ತಿದ್ದರು. ಮನುಷ್ಯನಿಗೂ ದೇವರಿಗೂ ನಡುವೆ ಪಾದ್ರಿಯ ಮಧ್ಯಸ್ತಿಕೆ ಬೇಕಿಲ್ಲ, ಧರ್ಮಗ್ರಂಥವೇ ಪ್ರಮಾಣ ಎಂದು ಮಾರ್ಟಿನ್ ಲೂಥರ್ ವಾದಿಸಿದ. ಗ್ರಂಥವೇ ಪ್ರಮಾಣ ಎಂದಮೇಲೆ ಅದು ಜನರ ಮಾತಿನಲ್ಲಿ ಇರಬೇಕಲ್ಲವೆ? ಹಾಗಾಗಿ ಅವನು 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಇಡೀ ಬೈಬಲನ್ನೂ ಜರ್ಮನ್ ಭಾಷೆಯಲ್ಲಿ ಹೊರತಂದ.

ನಮ್ಮ ಪಠ್ಯಪುಸ್ತಕದ ವಿವರಣೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ದೇಶಭಾಷೆಗೆ ಬೈಬಲ್ ಬಂತು, ಜನ ಓದಿದರು, ಸಾಕ್ಷರರಾದರು ಎಂದು. ನಡೆದದ್ದು ಅಷ್ಟು ಸುಲಭವಾಗಿ ಅಲ್ಲ. ಇಡೀ ಬೈಬಲ್ ದಪ್ಪ ಪುಸ್ತಕ, ಬೆಲೆ ಹೆಚ್ಚು. ಹಳ್ಳಿಯ ರೈತನಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಕೊಂಡರೂ ಓದಲು ಬರುತ್ತಿರಲಿಲ್ಲ. ಇದು ಲೂಥರನಿಗೂ ಗೊತ್ತಿತ್ತು. ಶಾಲೆಗಳನ್ನು ತೆರೆಯಿರಿ ಎಂದು 1524ರಲ್ಲಿ ಅವನು ಜರ್ಮನಿಯ ನಗರಸಭೆಗಳಿಗೆಲ್ಲ ಬಹಿರಂಗ ಪತ್ರ ಬರೆದ. ಹೆಣ್ಣುಮಕ್ಕಳಿಗೂ ಶಾಲೆ ಬೇಕು ಎಂದ. ನಗರಗಳು ಒಂದಿಷ್ಟು ಕಿವಿಗೊಟ್ಟವು. ಹಳ್ಳಿಗಳ ಸ್ಥಿತಿ ಏನು ಎಂದು ನೋಡಲು 1527–28ರಲ್ಲಿ ಸ್ಯಾಕ್ಸನಿ ಸೀಮೆಯಲ್ಲಿ ತಪಾಸಣೆ ನಡೆದಾಗ, ಜನಸಾಮಾನ್ಯರು ಹಾಗಿರಲಿ, ಕೆಲವು ಪಾದ್ರಿಗಳಿಗೇ ಮುಖ್ಯ ಪ್ರಾರ್ಥನೆಗಳು ಸರಿಯಾಗಿ ಬರುತ್ತಿರಲಿಲ್ಲ.

ಆಗ ಲೂಥರ್ ದಾರಿ ಬದಲಿಸಿದ. ಧರ್ಮದ ಮುಖ್ಯ ಅಂಶಗಳನ್ನು ಪ್ರಶ್ನೋತ್ತರ ರೂಪದಲ್ಲಿ ಹೇಳುವ ಒಂದು ಪುಟ್ಟ ಪುಸ್ತಿಕೆಯನ್ನು 1529ರಲ್ಲಿ ಪ್ರಕಟಿಸಿದ. ಮನೆಯ ಯಜಮಾನ ತನ್ನ ಮಕ್ಕಳಿಗೂ ಆಳುಗಳಿಗೂ ಇದನ್ನು ಹೇಳಿಕೊಡಬೇಕು ಎಂಬುದು ಅವನ ಉದ್ದೇಶ. ಹಳ್ಳಿಯವರ ಕೈಗೆ ಮೊದಲು ಬಂದದ್ದು ಬೈಬಲ್ ಅಲ್ಲ, ಈ ಪುಸ್ತಿಕೆ ಮತ್ತು ಹಾಡಿನ ಪುಸ್ತಕ. ಪುಸ್ತಿಕೆಯನ್ನು ಬಾಯಿಪಾಠ ಮಾಡಲು ಅಕ್ಷರ ಬರಲೇಬೇಕೆಂದಿರಲಿಲ್ಲ, ಕೇಳಿ ಕೇಳಿಯೂ ಕಲಿಯಬಹುದಾಗಿತ್ತು. ಆದ್ದರಿಂದ ಲೂಥರನ ಕಾಲದಲ್ಲೇ ಜರ್ಮನಿಯ ಹಳ್ಳಿಗಳೆಲ್ಲ ಓದತೊಡಗಿದವು ಎಂದರೆ ತಪ್ಪಾಗುತ್ತದೆ. ಬಾಯಿಪಾಠ ಓದಾಗಿ ಬೆಳೆದದ್ದು ಸುಮಾರು ನೂರೈವತ್ತು ವರ್ಷಗಳ ಮೇಲೆ. ಅದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸ್ವೀಡನ್ ದೇಶದಲ್ಲಿ.

ಮನೆಬಾಗಿಲಿಗೆ ಬಂದ ಪರೀಕ್ಷೆ

ಸ್ವೀಡನ್ ಯುರೋಪಿನ ಉತ್ತರದ ತುದಿಯಲ್ಲಿದೆ. ಆಗ ಅದು ಬಡ ದೇಶ. ಜನ ವಿರಳ, ಹಳ್ಳಿಗಳು ದೂರ ದೂರ, ವರ್ಷದಲ್ಲಿ ಹಲವು ತಿಂಗಳು ಹಿಮ. ಹಳ್ಳಿಗೊಂದು ಶಾಲೆ ಕಟ್ಟುವುದು ಅಲ್ಲಿನ ಸರ್ಕಾರಕ್ಕೆ ಸಾಧ್ಯವಿರಲಿಲ್ಲ. ಅಲ್ಲಿ ಲೂಥರನ ಪಂಥ ಹದಿನಾರನೆಯ ಶತಮಾನದಲ್ಲೇ ನೆಲೆಯೂರಿತ್ತು. ಸ್ವೀಡಿಷ್ ಭಾಷೆಯ ಇಡೀ ಬೈಬಲ್ 1541ರಲ್ಲೇ ಅಚ್ಚಾಗಿತ್ತು. ಆದರೂ ಜನರಲ್ಲಿ ಓದು ವೇಗವಾಗಿ ಹರಡಿದ್ದು 1686ರ ಚರ್ಚ್ ಕಾನೂನಿನ ನಂತರ.

ಆ ಕಾನೂನು ಮಕ್ಕಳು, ಆಳುಗಳು, ಕೆಲಸದ ಹೆಣ್ಣುಮಕ್ಕಳು ಎಲ್ಲರೂ ಪುಸ್ತಕ ನೋಡಿ ಓದಲು ಕಲಿಯಬೇಕು, ದೇವರ ಆಜ್ಞೆಯನ್ನು ತಮ್ಮ ಕಣ್ಣಿನಿಂದಲೇ ಕಾಣಬೇಕು ಎಂದು ಹೇಳಿತು. ಶಾಲೆಯ ಮಾತು ಎತ್ತಲಿಲ್ಲ. ಕಲಿಸುವ ಹೊಣೆಯನ್ನು ಮನೆಯ ಮೇಲೆ, ಕಲಿತಿದ್ದಾರೋ ಇಲ್ಲವೋ ಎಂದು ನೋಡುವ ಹೊಣೆಯನ್ನು ಪಾದ್ರಿಯ ಮೇಲೆ ಹಾಕಿತು.

ಇದು ನಡೆಯುತ್ತಿದ್ದ ಬಗೆ ಹೀಗೆ. ಪಾದ್ರಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಳ್ಳಿಯ ಒಂದೊಂದು ಭಾಗಕ್ಕೂ ಬರುತ್ತಿದ್ದ. ಅಕ್ಕಪಕ್ಕದ ಮನೆಗಳವರೆಲ್ಲ ಒಂದು ಮನೆಯಲ್ಲಿ ಸೇರುತ್ತಿದ್ದರು. ಪಾದ್ರಿಯ ಕೈಯಲ್ಲಿ ದೊಡ್ಡ ದಾಖಲೆ ಪುಸ್ತಕ. ಅದರಲ್ಲಿ ಮನೆವಾರು ಹೆಸರುಗಳು. ಪ್ರತಿ ಹೆಸರಿನ ಮುಂದೆ ಕಾಲಂಗಳು: ಪುಸ್ತಕ ನೋಡಿ ಓದುತ್ತಾರೆಯೆ, ಪ್ರಶ್ನೋತ್ತರ ಬಾಯಿಪಾಠ ಬರುತ್ತದೆಯೆ, ಅರ್ಥ ಆಗಿದೆಯೆ. ಓದುವುದಕ್ಕೂ ಬಾಯಿಪಾಠಕ್ಕೂ ಬೇರೆ ಬೇರೆ ಕಾಲಂ ಇದ್ದದ್ದು ಬಹಳ ಮುಖ್ಯ. ಮೇಷ್ಟ್ರಾದವರಿಗೆಲ್ಲ ಗೊತ್ತು, ಮುಂದೆ ಪುಸ್ತಕ ಹಿಡಿದು ಗಟ್ಟಿಯಾಗಿ ಹೇಳುವ ಮಗುವೆಲ್ಲ ಓದುತ್ತಿರುವುದಿಲ್ಲ. ಪಾಠ ಬಾಯಿಗೆ ಬಂದಿರುತ್ತದೆ, ಬೆರಳು ಬೇರೆ ಸಾಲಿನ ಮೇಲಿರುತ್ತದೆ. ಆ ವ್ಯತ್ಯಾಸ ದಾಖಲೆಯಲ್ಲೂ ಕಾಣಿಸಬೇಕೆಂದೇ ಎರಡು ಕಾಲಂ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಜಮಾನ, ಯಜಮಾನತಿ, ಹದಿನಾಲ್ಕರ ಮಗ, ಹತ್ತರ ಮಗಳು, ಒಬ್ಬ ಆಳು, ಕೆಲಸದ ಒಬ್ಬ ಹುಡುಗಿ. ಚಳಿಗಾಲದ ಸಂಜೆ ಹೊಲದ ಕೆಲಸವಿಲ್ಲ. ತಾಯಿ ನೂಲುತ್ತಾ ಮಗಳಿಗೆ ಅಕ್ಷರ ಹೇಳಿಕೊಡುತ್ತಾಳೆ. ಇರುವುದು ಹುಂಜದ ಚಿತ್ರವಿರುವ ಒಂದು ಸಣ್ಣ ಅಕ್ಷರ ಪುಸ್ತಕ, ಒಂದು ಪ್ರಶ್ನೋತ್ತರ ಪುಸ್ತಿಕೆ, ಒಂದು ಹಾಡಿನ ಪುಸ್ತಕ. ಪಾದ್ರಿ ಬರುವ ದಿನ ಆರು ಜನರೂ ನೆರೆಹೊರೆಯವರ ಎದುರು ಓದಬೇಕು. ಯಜಮಾನ ತಡವರಿಸಿ, ಕೆಲಸದ ಹುಡುಗಿ ಸಲೀಸಾಗಿ ಓದಿದರೆ ಅವನ ಮಾನ ಏನಾಗಬೇಕು? ಮಗಳು ಓದದಿದ್ದರೆ ಬೈಗುಳ ತಾಯಿಗೂ ತಂದೆಗೂ. ಇನ್ನೂ ದೊಡ್ಡ ಕಟ್ಟು ಬೇರೆ ಇತ್ತು. ಪ್ರಶ್ನೋತ್ತರ ತಿಳಿಯದವರಿಗೆ ಪ್ರಭುಭೋಜನ ಸಂಸ್ಕಾರ ಇಲ್ಲ. ಸಂಸ್ಕಾರ ಆಗದವರಿಗೆ ಚರ್ಚಿನಲ್ಲಿ ಮದುವೆ ಇಲ್ಲ. ಮದುವೆ ನಿಂತುಹೋಗುತ್ತದೆ ಎಂದರೆ ಯಾವ ಊರಿನ ತಂದೆತಾಯಿ ಸುಮ್ಮನಿರುತ್ತಾರೆ?

ಫಲ ಕಾಣಿಸಿತು. ಹದಿನೆಂಟನೆಯ ಶತಮಾನದ ಮಧ್ಯದ ಹೊತ್ತಿಗೆ ಸ್ವೀಡನ್ನಿನ ಎಷ್ಟೋ ಹಳ್ಳಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ವಯಸ್ಕರು ಓದಬಲ್ಲವರಾಗಿದ್ದರು ಎಂಬುದನ್ನು ಉಮೆಯೊ ವಿಶ್ವವಿದ್ಯಾಲಯದ ಇತಿಹಾಸಕಾರ ಎಗಿಲ್ ಯೊಹಾನ್ಸನ್ ಇದೇ ದಾಖಲೆ ಪುಸ್ತಕಗಳಿಂದ ತೋರಿಸಿದರು. ಹೆಂಗಸರು ಗಂಡಸರಿಗಿಂತ ಹಿಂದೆ ಬಿದ್ದಿರಲಿಲ್ಲ. ಇಷ್ಟಾದದ್ದು ಬಹುಪಾಲು ಶಾಲೆಯೇ ಇಲ್ಲದೆ. ಊರೂರಿಗೆ ಶಾಲೆ ಇರಬೇಕೆಂಬ ಕಾನೂನು ಅಲ್ಲಿ ಬಂದದ್ದು 1842ರಲ್ಲಿ.

ಸಹಿ ಬಾರದ ಓದುಗರು

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಸ್ವೀಡನ್ನಿನ ಆ ತಾಯಿ ಮಗಳಿಗೆ ಬರೆಯಲು ಕಲಿಸಲಿಲ್ಲ. ಅವಳಿಗೂ ಬರುತ್ತಿರಲಿಲ್ಲ. ಪಾದ್ರಿಯ ದಾಖಲೆಯಲ್ಲಿ ಬರವಣಿಗೆಗೆ ಕಾಲಂ ಇರಲಿಲ್ಲ, ಯಾಕೆಂದರೆ ಧರ್ಮಕ್ಕೆ ಬೇಕಾದದ್ದು ಗ್ರಂಥವನ್ನು ಓದಿ ಅದರಂತೆ ನಡೆಯುವವರು. ಪತ್ರ ಬರೆಯುವುದು, ಲೆಕ್ಕ ಇಡುವುದು ವ್ಯಾಪಾರಿಗಳ, ಅಧಿಕಾರಿಗಳ ಕೆಲಸ. ಹಾಗಾಗಿ ಹಾಡಿನ ಪುಸ್ತಕವನ್ನು ಸರಾಗವಾಗಿ ಓದುವ ಹೆಂಗಸು ಕಾಗದಪತ್ರದ ಮೇಲೆ ಹೆಸರು ಬರೆಯಲಾರದೆ ಗುರುತು ಹಾಕುತ್ತಿದ್ದಳು. ಬರವಣಿಗೆ ಎಲ್ಲರಿಗೂ ಬಂದದ್ದು 1842ರ ಕಾನೂನಿನ ಶಾಲೆಗಳಿಂದ.

ಇದು ಇತಿಹಾಸಕಾರರಿಗೆ ಒಂದು ಎಚ್ಚರಿಕೆ. ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ ಮದುವೆಯ ದಾಖಲೆಯಲ್ಲಿ ಎಷ್ಟು ಮಂದಿ ಸಹಿ ಮಾಡಿದ್ದಾರೆ ಎಂದು ಎಣಿಸಿ ಸಾಕ್ಷರತೆಯನ್ನು ಅಳೆಯುವ ರೂಢಿಯಿದೆ. ಅದೇ ಅಳತೆಗೋಲನ್ನು ಸ್ವೀಡನ್ನಿಗೆ ಹಿಡಿದರೆ ಓದಬಲ್ಲ ಲಕ್ಷಾಂತರ ಜನ ನಿರಕ್ಷರಿಗಳಾಗಿ ಬಿಡುತ್ತಾರೆ.

ಎರಡನೆಯ ಮಿತಿ: ಅವರು ಓದುತ್ತಿದ್ದದ್ದು ಪರಿಚಯವಿದ್ದ ಕೆಲವೇ ಪುಸ್ತಕಗಳನ್ನು. ಅರ್ಧ ಬಾಯಿಪಾಠವಾಗಿದ್ದ ಪುಟವನ್ನು ಓದುವುದಕ್ಕೂ ಎಂದೂ ಕಾಣದ ಬರಹವನ್ನು ಓದಿ ತಿಳಿಯುವುದಕ್ಕೂ ಅಂತರವಿದೆ. ಮೂರನೆಯದು, ಮತಸುಧಾರಣೆಯೊಂದೇ ಕಾರಣ ಎನ್ನುವಂತಿಲ್ಲ. ಫ್ರಾನ್ಸಿನ ಈಶಾನ್ಯ ಭಾಗ ಕ್ಯಾಥೊಲಿಕ್ ಆಗಿಯೇ ಉಳಿದು ಅಕ್ಷರದಲ್ಲಿ ಮುಂದಿತ್ತು. ಪೈಪೋಟಿಗೆ ಬಿದ್ದ ಕ್ಯಾಥೊಲಿಕ್ಕರೂ ಶಾಲೆಗಳನ್ನು ತೆರೆದರು. ಹಾಗೆಂದು ಮತಸುಧಾರಣೆಯ ಪಾತ್ರವನ್ನು ತಳ್ಳಿಹಾಕುವಂತೆಯೂ ಇಲ್ಲ. ಪ್ರಷ್ಯಾದ 1871ರ ಜನಗಣತಿಯಲ್ಲಿ ಪ್ರೊಟೆಸ್ಟೆಂಟರು ಹೆಚ್ಚಿದ್ದ ಜಿಲ್ಲೆಗಳು ಸಾಕ್ಷರತೆಯಲ್ಲಿ ಮುಂದಿದ್ದುದು ಸ್ಪಷ್ಟವಾಗಿ ಕಾಣುತ್ತದೆ.

ಇತ್ತ ಬಳ್ಳಾರಿ ಜಿಲ್ಲೆಯಲ್ಲಿ

ಈಗ ನಮ್ಮ ಕಡೆ ಬರೋಣ. ಮದರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಪ್ರಾಂತದ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿ ಅವುಗಳಲ್ಲೆಲ್ಲ ಹೆಸರಾದದ್ದು. ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಹೊಸಪೇಟೆ, ಹಂಪಿ, ಕಂಪ್ಲಿ ಅದರೊಳಗಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ.

ಆ ವರದಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದ ಮಕ್ಕಳು 6,641. ಎಂದರೆ ಒಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳು, ಸಾವಿರ ಜನಕ್ಕೆ ಸುಮಾರು ಏಳು ಮಕ್ಕಳು. ಹೆಣ್ಣುಮಕ್ಕಳೆಷ್ಟು? ಕೇವಲ 60.

ಆ ಶಾಲೆಗಳು ಎಂದರೆ ನಮ್ಮ ಹಿರಿಯರು ಕೂಲಿ ಮಠ, ಐಗಳ ಮಠ ಎನ್ನುತ್ತಿದ್ದಂಥವು. ಕಲಿಕೆಯ ವಿಧಾನವನ್ನು ಕ್ಯಾಂಪ್‌ಬೆಲ್ ವಿವರವಾಗಿ ಬರೆದಿದ್ದಾನೆ. ಐದು ವರ್ಷಕ್ಕೆ ಅಕ್ಷರಾಭ್ಯಾಸ. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತದೆ. ಆಮೇಲೆ ಹಲಗೆ, ಇಲ್ಲವೆ ಗಂಜಿ ಹಾಕಿ ಮಡಿಸಿ ಇದ್ದಿಲಿನ ಲೇಪ ಬಳಿದ ಬಟ್ಟೆಯ ಕಡತ, ಬರೆಯಲು ಬಳಪ. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಖರ್ಚು ಕಡಿಮೆ. ಮುಂದಿನ ಹಂತದ ಹುಡುಗರೇ ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಈ ಜಾಣ ಏರ್ಪಾಡನ್ನು ಕಲೆಕ್ಟರ್ ಮೆಚ್ಚಿದ್ದಾನೆ. ಆದರೆ ಒಂದು ದೋಷವನ್ನೂ ಎತ್ತಿ ತೋರಿಸಿದ್ದಾನೆ. ಮಕ್ಕಳು ಓದುತ್ತಿದ್ದ ರಾಮಾಯಣ, ಭಾರತ, ಭಾಗವತ, ಬಸವ ಪುರಾಣಗಳೆಲ್ಲ ಹಳೆಯ ಕಾವ್ಯಭಾಷೆಯಲ್ಲಿದ್ದವು. ಅದು ಮಕ್ಕಳ ಆಡುಮಾತಲ್ಲ. ಅವರು ಪದ್ಯಗಳನ್ನು ಗಿಳಿಪಾಠ ಮಾಡುತ್ತಿದ್ದರು. ಅರ್ಥ ಬಿಡಿಸಿ ಹೇಳಬಲ್ಲ ಗುರುಗಳೂ ಕಡಿಮೆ. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ಜನರ ಹೆಚ್ಚುತ್ತಿದ್ದ ಬಡತನವೇ ಕಾರಣ ಎಂದೂ ಅವನು ಮುಚ್ಚುಮರೆಯಿಲ್ಲದೆ ಬರೆದ.

ಎರಡು ಸೀಮೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಶಾಲೆಯಿಲ್ಲದೆ ಬಹುತೇಕ ಎಲ್ಲರೂ ಓದಿದರು, ಆದರೆ ಬರೆಯಲಿಲ್ಲ. ಇಲ್ಲಿ ಐನೂರಕ್ಕೂ ಹೆಚ್ಚು ಶಾಲೆಗಳಿದ್ದವು. ಮಗುವಿನ ಮೊದಲ ಪಾಠವೇ ಬರವಣಿಗೆ, ಜೊತೆಗೆ ಮಗ್ಗಿ, ಲೆಕ್ಕ. ಆದರೆ ಕಲಿತವರು ಕೆಲವರು, ಹೆಣ್ಣುಮಕ್ಕಳು ಇಲ್ಲವೆನ್ನುವಷ್ಟು ಕಡಿಮೆ. ಕಾರಣ ಜಾಣತನದಲ್ಲಿಲ್ಲ, ಉದ್ದೇಶದಲ್ಲಿದೆ. ನಮ್ಮಲ್ಲಿ ಅಕ್ಷರ ಬೇಕಾಗಿದ್ದು ಶ್ಯಾನುಭೋಗಿಕೆಗೆ, ಅಂಗಡಿಯ ಲೆಕ್ಕಕ್ಕೆ, ಪೌರೋಹಿತ್ಯಕ್ಕೆ. ಆ ಕೆಲಸ ಯಾರದೋ ಅವರ ಗಂಡುಮಕ್ಕಳು ಕಲಿತರು.

ಭಕ್ತಿಗೆ ನಮ್ಮಲ್ಲಿ ಅಕ್ಷರ ಬೇಕಿರಲಿಲ್ಲ. ವಚನಕಾರರು ಹನ್ನೆರಡನೆಯ ಶತಮಾನದಲ್ಲೇ ಜನರ ಮಾತಿನಲ್ಲಿ ಧರ್ಮ ಹೇಳಿದ್ದರು. ಹಂಪಿಯಲ್ಲಿ ಬಾಳಿದ ಪುರಂದರದಾಸರ ಪದಗಳು ಕಂಠದಿಂದ ಕಂಠಕ್ಕೆ ಹರಿದವು. ಊರಿನ ಗುಡಿಯಲ್ಲೋ ಮಠದಲ್ಲೋ ಒಬ್ಬರು ಭಾರತವನ್ನೋ ಪುರಾಣವನ್ನೋ ಓದಿ ಇನ್ನೊಬ್ಬರು ಅರ್ಥ ಹೇಳಿದರೆ, ಅಕ್ಷರ ಬಾರದ ನೂರು ಮಂದಿ ಕಥೆಯನ್ನು ಪೂರ್ತಿ ತಿಳಿದು ಮನೆಗೆ ಹೋಗುತ್ತಿದ್ದರು. ಇಡೀ ಊರಿಗೆ ಓದುವವನೊಬ್ಬ ಸಾಕು. ಓದಲು ಬರದಿದ್ದರೆ ತೀರ್ಥ ಇಲ್ಲ, ಮದುವೆ ಇಲ್ಲ ಎಂದು ವಿರೂಪಾಕ್ಷನ ಸನ್ನಿಧಿಯಲ್ಲಿ ಯಾರೂ ಹೇಳಲಿಲ್ಲ. ಇದು ಕಿವಿಯ ಸಂಸ್ಕೃತಿಯ ಸಿರಿವಂತಿಕೆ. ಅದೇ ಕಾರಣಕ್ಕೆ ಅಕ್ಷರ ಮನೆಮನೆಗೆ ಹೋಗುವ ಒತ್ತಡವೂ ಹುಟ್ಟಲಿಲ್ಲ.

ಬಳ್ಳಾರಿಗೆ ಬಂದ ಅದೇ ವಿಚಾರ

ಗ್ರಂಥವನ್ನು ಪ್ರತಿಯೊಬ್ಬರೂ ಓದಬೇಕು ಎಂಬ ಮತಸುಧಾರಣೆಯ ವಿಚಾರ ನೇರವಾಗಿ ನಮ್ಮ ಜಿಲ್ಲೆಗೂ ಬಂತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿದ. ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ತೊಡಗಿದ. ವಿಲಿಯಂ ರೀವ್ ಮುಂದೆ ಅವನ ಜೊತೆಗೂಡಿದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು.

ಸ್ವೀಡನ್ನಿನಲ್ಲಿ ಆದದ್ದು ಇಲ್ಲಿ ಆಯಿತೆ? ಆಗಲಿಲ್ಲ. ಪುಸ್ತಕ ಇತ್ತು, ಭಾಷೆ ನಮ್ಮದೇ ಇತ್ತು. ಆದರೆ ಮನೆಮನೆಗೆ ಬಂದು ಪರೀಕ್ಷೆ ಮಾಡುವ ವ್ಯವಸ್ಥೆ ಇರಲಿಲ್ಲ, ಓದಲೇಬೇಕೆಂಬ ಕಾನೂನು ಇರಲಿಲ್ಲ, ಮತಾಂತರವಾದವರೂ ಕೆಲವೇ ಮಂದಿ. ಪುಸ್ತಕವೊಂದೇ ಊರನ್ನು ಸಾಕ್ಷರವಾಗಿಸುವುದಿಲ್ಲ ಎಂಬುದಕ್ಕೆ ಲೂಥರನ ಮೊದಲ ವರ್ಷಗಳ ಜರ್ಮನಿ ಒಂದು ಸಾಕ್ಷಿಯಾದರೆ ಬಳ್ಳಾರಿ ಇನ್ನೊಂದು.

ಬದಲಿಗೆ ಬೇರೆ ಫಲಗಳು ಬಂದವು. ಅನುವಾದಕ್ಕೆ ಪದಗಳು ಬೇಕು. ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದ. ಪುಸ್ತಕಗಳಿಗಾಗಿ ಬಳ್ಳಾರಿಯಲ್ಲಿ ಕನ್ನಡ ಅಚ್ಚುಮೊಳೆಗಳ ಮುದ್ರಣಾಲಯ ಬಂತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1844ರಲ್ಲಿ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆಯಚ್ಚಿನಲ್ಲಿ ಹೊರಬಿದ್ದದ್ದು ಈ ಮುದ್ರಣಾಲಯದಿಂದಲೇ. ಮಿಷನ್ನಿನ ವಾರ್ಡ್ಲಾ ಅವರು 1846ರಲ್ಲಿ ಆರಂಭಿಸಿದ ಶಾಲೆ ಇಂದಿಗೂ ವಾರ್ಡ್ಲಾ ಎಂಬ ಹೆಸರಿನಿಂದಲೇ ಬಳ್ಳಾರಿಯಲ್ಲಿ ಪರಿಚಿತ. ಆ ಶಾಲೆಗೆ ಮಕ್ಕಳನ್ನು ಕಳಿಸಿದ ಹೆಚ್ಚಿನ ತಂದೆತಾಯಿಗಳಿಗೆ ಬೇಕಾಗಿದ್ದದ್ದು ಇಂಗ್ಲಿಷು ಮತ್ತು ಸರ್ಕಾರಿ ನೌಕರಿ. ಮಿಷನರಿಗಳಿಗೆ ಬೇಕಾಗಿದ್ದದ್ದು ಗ್ರಂಥದ ಓದುಗರು. ಇಬ್ಬರ ಉದ್ದೇಶ ಬೇರೆಯಾದರೂ ಕೂತ ಬೆಂಚು ಒಂದೇ.

ಕಾಲಂ ಯಾವುದು ಎಂಬುದೇ ಪ್ರಶ್ನೆ

ಈ ಇತಿಹಾಸದಿಂದ ನನಗೆ ಕಾಣುವ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಸಮಾಜ ಯಾವುದನ್ನು ಪರೀಕ್ಷಿಸುತ್ತದೆಯೋ ಜನ ಅಷ್ಟನ್ನೇ ಕಲಿಯುತ್ತಾರೆ. ಸ್ವೀಡನ್ನಿನ ಪಾದ್ರಿಯ ಪುಸ್ತಕದಲ್ಲಿ ಓದಿಗೆ ಕಾಲಂ ಇತ್ತು, ಬರಹಕ್ಕೆ ಇರಲಿಲ್ಲ. ಅಲ್ಲಿನವರು ಓದಿದರು, ಬರೆಯಲಿಲ್ಲ. ನಮ್ಮಲ್ಲಿ ಬ್ಯಾಂಕು, ಪಂಚಾಯಿತಿ, ರೇಷನ್ ಅಂಗಡಿಗಳ ಪುಸ್ತಕಗಳಲ್ಲಿ ಸಹಿಗೆ ಜಾಗವಿದೆ, ಓದಿಗಿಲ್ಲ. ಹಾಗಾಗಿ ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ನಮ್ಮ ಎಷ್ಟೋ ತಾಯಂದಿರು ಸಹಿ ಮಾಡಬಲ್ಲರು, ಅದರ ಮೇಲಿರುವ ಒಕ್ಕಣೆಯನ್ನು ಓದಲಾರರು. ಸ್ವೀಡನ್ನಿನ ಆ ಹೆಂಗಸಿನ ಸ್ಥಿತಿಗೆ ಇದು ನೇರ ತಿರುವುಮುರುವು.

ನಮ್ಮ ಶಾಲೆಯ ಐವತ್ತು ವರ್ಷದ ದಾಖಲಾತಿ ಪುಸ್ತಕಗಳನ್ನು ಮೊದಲಿನಿಂದ ತಿರುವಿದರೆ ಪೋಷಕರ ಹೆಬ್ಬೆಟ್ಟುಗಳು ಮೆಲ್ಲಗೆ ಸಹಿಗಳಾಗುತ್ತ ಬಂದಿರುವುದು ಕಾಣುತ್ತದೆ. ಅದನ್ನು ಕಂಡು ಸಂತೋಷಪಡಬೇಕು. ಜೊತೆಗೆ ಆ ಪಾದ್ರಿ ಕೇಳುತ್ತಿದ್ದ ಹಳೆಯ ಪ್ರಶ್ನೆಯನ್ನು ನಮ್ಮ ಮಕ್ಕಳಿಗೂ ಕೇಳಬೇಕು. ಬಾಯಿಪಾಠವಾಗದ ಒಂದು ಹೊಸ ಪುಟವನ್ನು ಮುಂದಿಟ್ಟು, ಓದು ಎನ್ನಬೇಕು. ಓದಿದ ಮೇಲೆ ಅರ್ಥ ಹೇಳು ಎನ್ನಬೇಕು. ಆ ಎರಡು ಕಾಲಂಗಳೂ ತುಂಬಿದ ಮಗುವಿನ ಹೆಸರಿನ ಮುಂದೆ ಮಾತ್ರ ‘ಶಿಕ್ಷಣ ಪ್ರಸಾರವಾಯಿತು’ ಎಂದು ಬರೆಯಬಹುದು.